17 ದಿನ ಬಾಕಿ ಇರುವ ರಾಗಿ ಮಾಲ್ಟ್ ಆರು ಪ್ಯಾಕೆಟ್: ಏನು ಕೇಳಬಹುದು?

ತಿಂಡಿಪೋತಿ: ಆಪ್‌ನಲ್ಲಿ ರಾಗಿ ಮಾಲ್ಟ್ 500 ಗ್ರಾಂನ ಆರು ಪ್ಯಾಕೆಟ್ ತರಿಸಿದೆ, ಒಟ್ಟು ₹1,140. ಜೂನ್ 24ಕ್ಕೆ ಬಂತು. ಪ್ಯಾಕೆಟ್ ಮೇಲೆ ತಯಾರಿಕೆ 12-01-2025, ಯೂಸ್ ಬೈ 11-07-2025. ಆರೂ ಒಂದೇ ಬ್ಯಾಚ್. ಆಪ್‌ನವರು "ಇನ್ನೂ ಎಕ್ಸ್‌ಪೈರಿ ಆಗಿಲ್ಲ, ಆಹಾರ ಪದಾರ್ಥ ವಾಪಸ್ ಇಲ್ಲ" ಅಂತ ಚಾಟ್ ಮುಚ್ಚಿಬಿಟ್ಟರು. ಒಂದು ಪ್ಯಾಕೆಟ್ ಒಡೆದಿದ್ದೇನೆ. ಹೀಗೆ ಆದವರು ಏನು ಮಾಡಿದಿರಿ, ದುಡ್ಡು ಬಂತಾ?

ಹಳೇಬಿಲ್: ಬಂತು. ಆದರೆ ಎರಡನೇ ಸಲದ ಫೋಟೋಗೆ ಬಂತು, ಮೊದಲನೆಯದಕ್ಕಲ್ಲ. ನಮ್ಮದು ಗೋಧಿ ಹಿಟ್ಟು, 5 ಕೆಜಿಯ ಎರಡು ಚೀಲ, ₹540. ಮೊದಲು ಕಳಿಸಿದ್ದು ದಿನಾಂಕದ ಹತ್ತಿರದ ಫೋಟೋ ಮಾತ್ರ. "ಇದು ನಮ್ಮ ಪ್ಯಾಕೆಟ್ ಅಂತ ಏನು ಗ್ಯಾರಂಟಿ" ಅನ್ನುವ ಅರ್ಥದ ಉತ್ತರ ಬಂತು. ಅವರದ್ದೂ ತಪ್ಪಲ್ಲ, ಆ ಫೋಟೋ ಯಾವ ಅಂಗಡಿಯದ್ದೂ ಆಗಬಹುದಿತ್ತು.

ಎರಡನೇ ಸಲ ಹೀಗೆ ತೆಗೆದೆ. ಬಂದ ಚೀಲವನ್ನು ಬಿಲ್ ಪಕ್ಕದಲ್ಲಿ ಇಟ್ಟು, ಆರ್ಡರ್ ನಂಬರ್, ಬ್ಯಾಚ್ ನಂಬರ್, ತಯಾರಿಕೆ, ಯೂಸ್ ಬೈ ನಾಲ್ಕೂ ಒಂದೇ ಚೌಕಟ್ಟಿನಲ್ಲಿ ಓದಿಸುವ ಹಾಗೆ ಒಂದು. ಇಡೀ ಚೀಲದ್ದು ಇನ್ನೊಂದು. ಇಂಕ್‌ಜೆಟ್ ಅಕ್ಷರ ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೆಳಕಿಗೆ ಮಾಯ ಆಗುತ್ತದೆ. ಅದಕ್ಕೆ ಫ್ಲಾಶ್ ಬೇಡ, ಕಿಟಕಿ ಪಕ್ಕ ಸ್ವಲ್ಪ ಓರೆಯಾಗಿ ಹಿಡಿಯಿರಿ. ಆರು ಪ್ಯಾಕೆಟ್ ಇದ್ದರೆ ಆರನ್ನೂ ಸಾಲಾಗಿಟ್ಟು ಒಂದು ಫೋಟೋ. ಇಲ್ಲದಿದ್ದರೆ "ಒಂದಕ್ಕೆ ಮಾತ್ರ ಸಾಕ್ಷಿ ಇದೆ" ಅಂತ ಒಂದರ ದುಡ್ಡು ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ಇನ್ನೊಂದು, ಆ ಆಪ್‌ನ ಪ್ರಾಡಕ್ಟ್ ಪುಟದ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ, ಬೆಲೆ ಮತ್ತು ಮಾರಾಟಗಾರರ ಹೆಸರು ಕಾಣುವ ಹಾಗೆ. ನಾಳೆ ಆ ಪುಟ ಇರಲ್ಲ.

ಕಡ್ಲೆಪುರಿ: ಫೋಟೋ ಗೀಟೋ ಎಲ್ಲ ಆಮೇಲೆ. ಮೊದಲು ಕಾನೂನು ಹೇಳಿ ಅವರಿಗೆ. 45 ದಿನ ಬಾಕಿ ಇಲ್ಲದ ಆಹಾರ ಡೆಲಿವರಿ ಮಾಡೋದೇ ಕಾನೂನುಬಾಹಿರ, 2024ರಲ್ಲಿ ಆಹಾರ ಪ್ರಾಧಿಕಾರ ಹೇಳಿದೆ. ₹1 ಲಕ್ಷದವರೆಗೆ ಪರಿಹಾರ ಇದೆ. ನಾನು ಗೋಡಂಬಿ ವಿಷಯದಲ್ಲಿ ಇದನ್ನೇ ಬರೆದೆ, ಒಂದೇ ದಿನದಲ್ಲಿ ದುಡ್ಡು ವಾಪಸ್. ಹೆದರಿಸಿದರೆ ಮಾತ್ರ ಇವರು ಬಗ್ಗೋದು. ಹಳೇಬಿಲ್ ಅವರು ಫೋಟೋ ತೆಗೆದು ಬೇಡಿಕೊಂಡರು, ನಾನು ಬೇಡಲಿಲ್ಲ.

ಹಳೇಬಿಲ್: ನಾನು ಬೇಡಿಕೊಳ್ಳಲಿಲ್ಲ ಸಾರ್. ಸಾಕ್ಷಿ ಕೊಟ್ಟೆ. ಎರಡಕ್ಕೂ ವ್ಯತ್ಯಾಸ ಇದೆ.

ದಫ್ತರ: ಕಡ್ಲೆಪುರಿಯವರು ಹೇಳಿದ್ದರಲ್ಲಿ ಅರ್ಧ ಇದೆ, ಇನ್ನರ್ಧ ಬೇರೆ ಕಡೆಯಿಂದ ಬಂದು ಅಂಟಿಕೊಂಡಿದೆ. ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಪ್ಪಾದ ಕಲಂ ಬರೆದ ದೂರನ್ನು ಕಂಪನಿಯ ವಕೀಲರು ಆ ಒಂದು ಸಾಲು ಹಿಡಿದೇ ತಳ್ಳಿಹಾಕುತ್ತಾರೆ.

2024ರ ನವೆಂಬರ್‌ನಲ್ಲಿ ಆಹಾರ ಪ್ರಾಧಿಕಾರ, ಅಂದರೆ ಎಫ್‌ಎಸ್‌ಎಸ್‌ಎಐ, ಆನ್‌ಲೈನ್ ಆಹಾರ ವ್ಯಾಪಾರಿಗಳ ಸಭೆ ಕರೆದು, ಗ್ರಾಹಕರ ಕೈಗೆ ತಲುಪುವಾಗ ಶೆಲ್ಫ್ ಲೈಫ್‌ನ 30 ಪರ್ಸೆಂಟ್ ಅಥವಾ ಎಕ್ಸ್‌ಪೈರಿಗೆ 45 ದಿನ ಬಾಕಿ ಇರುವಂತೆ ನೋಡಿಕೊಳ್ಳಿ ಎಂದಿತು. ಅದು ಸಭೆಯಲ್ಲಿ ಕೊಟ್ಟ ಸೂಚನೆ. ಕಾಯ್ದೆಯ ಕಲಂ ಅಲ್ಲ. ಸಾಲದ್ದಕ್ಕೆ ಅದರಲ್ಲಿ "ಅಥವಾ" ಇದೆ. ಎರಡರಲ್ಲಿ ಯಾವುದು ಕಡಿಮೆಯೋ ಅದಾ, ಹೆಚ್ಚೋ ಅದಾ ಅಂತ ಆ ಮಾತಿನಲ್ಲಿ ಹೇಳಿಲ್ಲ. ಹಳೇಬಿಲ್ ಅವರ ಹಿಟ್ಟಿನಂಥ ಮಾಲಿಗೇ ನೋಡಿ. ಒಟ್ಟು ಆಯಸ್ಸು 90 ದಿನ ಅಂದುಕೊಳ್ಳಿ, 30 ಪರ್ಸೆಂಟ್ ಅಂದರೆ 27 ದಿನ. 28 ದಿನ ಬಾಕಿ ಇದ್ದರೆ ಒಂದು ಅಳತೆಯಲ್ಲಿ ಪಾಸ್, ಇನ್ನೊಂದರಲ್ಲಿ ಫೇಲ್. ಬ್ರೆಡ್ಡಿಗಂತೂ 45 ದಿನ ಅನ್ನೋದೇ ನಗೆಪಾಟಲು.

ಆದರೆ ಮೇಡಂ, ನಿಮ್ಮ ರಾಗಿ ಮಾಲ್ಟ್ ವಿಷಯದಲ್ಲಿ ಈ ಜಗಳವೇ ಬೇಕಾಗಿಲ್ಲ. ಜನವರಿ 12ರಿಂದ ಜುಲೈ 11ಕ್ಕೆ 180 ದಿನ. ಅದರ 30 ಪರ್ಸೆಂಟ್ 54 ದಿನ. ನಿಮಗೆ ಸಿಕ್ಕಿದ್ದು 17, ಅಂದರೆ ನೂರಕ್ಕೆ ಒಂಬತ್ತೂವರೆಗೂ ಕಡಿಮೆ. 54ರ ಲೆಕ್ಕದಲ್ಲಿ ಮೇ 18ರ ಒಳಗೆ, 45ರ ಲೆಕ್ಕದಲ್ಲಿ ಮೇ 27ರ ಒಳಗೆ ನಿಮ್ಮ ಮನೆಗೆ ಬರಬೇಕಿತ್ತು. ಯಾವ ಕೋಲಿನಿಂದ ಅಳೆದರೂ ಫೇಲ್. ದೂರಿನಲ್ಲಿ ಈ ಎರಡು ತಾರೀಕು ಬರೆಯಿರಿ. "ಕಾನೂನುಬಾಹಿರ" ಅನ್ನುವ ಪದ ಬರೆಯಬೇಡಿ. "ಪ್ರಾಧಿಕಾರವೇ ಸೂಚಿಸಿದ ಕನಿಷ್ಠ ಅವಧಿ ಎರಡೂ ಲೆಕ್ಕದಲ್ಲಿ ಉಳಿದಿಲ್ಲ" ಅಂತ ಬರೆಯಿರಿ. ಅದನ್ನು ಅಲ್ಲಗಳೆಯಲು ಅವರಿಗೆ ದಾರಿ ಇಲ್ಲ.

ಇನ್ನು ₹1 ಲಕ್ಷ. ಅದು 2006ರ ಆಹಾರ ಸುರಕ್ಷತಾ ಕಾಯ್ದೆಯ 65ನೇ ಕಲಂ, ಆಹಾರ ತಿಂದು ಗ್ರಾಹಕರಿಗೆ ಅಪಾಯವಾದರೆ ಸಿಗುವ ಪರಿಹಾರ. ಸತ್ತರೆ ಕನಿಷ್ಠ ₹5 ಲಕ್ಷ, ತೀವ್ರ ಗಾಯಕ್ಕೆ ₹3 ಲಕ್ಷದವರೆಗೆ, ಉಳಿದ ಗಾಯಕ್ಕೆ ₹1 ಲಕ್ಷದವರೆಗೆ. ಹೊಟ್ಟೆ ನೋವೇ ಬರದವರು ಅದನ್ನು ಉಲ್ಲೇಖಿಸಿದರೆ ದೂರು ಹಗುರಾಗುತ್ತದೆ. ಅದೇ ಕಾಯ್ದೆಯ 27ನೇ ಕಲಂ ಮಾರಾಟಗಾರರನ್ನು ಹೊಣೆ ಮಾಡುವುದು ಎಕ್ಸ್‌ಪೈರಿ ದಾಟಿದ ಮೇಲೆ ಮಾರಿದರೆ. 17 ದಿನ ಮೊದಲು ಮಾರಿದ್ದಕ್ಕೆ ಅದು ತಾಗುವುದಿಲ್ಲ. ಆಪ್‌ನವರು "ಎಕ್ಸ್‌ಪೈರಿ ಆಗಿಲ್ಲ" ಅಂದಾಗ ನಿಂತಿದ್ದು ಅದೇ ಕಲ್ಲಿನ ಮೇಲೆ.

ಕಡ್ಲೆಪುರಿ: ಅಂದರೆ ನನಗೆ ಗೋಡಂಬಿ ದುಡ್ಡು ಸುಮ್ಮನೆ ಕೊಟ್ಟರಾ?

ದಫ್ತರ: ₹1 ಲಕ್ಷಕ್ಕೆ ಹೆದರಿ ಕೊಟ್ಟಿರಬಹುದು. ನಿಮ್ಮ ಪ್ಯಾಕೆಟ್ ಬೆಲೆ ಅವರಿಗೆ ಚಾಟ್‌ನಲ್ಲಿ ಕೂತವರ ಒಂದು ಗಂಟೆಯ ಸಂಬಳಕ್ಕಿಂತ ಕಡಿಮೆ ಇದ್ದಿರಬಹುದು. ನಿಮಗೆ ಗೆಲುವು ಸಿಕ್ಕಿದೆ, ವಾದ ಸರಿಯಾಗಿತ್ತು ಅಂತ ಅದರಿಂದ ಸಾಬೀತಾಗಲ್ಲ.

ಗೋಡೌನ್ ಗುರು: ಬಿಡ್ರಪ್ಪಾ, ಒಳಗಡೆ ಏನಾಗುತ್ತೆ ಅಂತ ನಾನು ಹೇಳ್ತೀನಿ. ಡಿಸ್ಟ್ರಿಬ್ಯೂಟರ್ ಕಡೆ, ಆಪ್‌ಗಳ ಕಡೆ ಎರಡೂ ಕೆಲಸ ಗೊತ್ತು.

ಆಪ್‌ನ ಪರದೆಯಲ್ಲಿ ನಿಮಗೆ ಕಾಣೋದು ಐಟಂ, ಬ್ಯಾಚ್ ಅಲ್ಲ. ಒಂದೇ ಬಾಕ್ಸಲ್ಲಿ ಜನವರಿ ಮಾಲು, ಏಪ್ರಿಲ್ ಮಾಲು ಎರಡೂ ಇರುತ್ತೆ. ಆರ್ಡರ್ ಬಂದ ತಕ್ಷಣ ಓಡಿಹೋಗಿ ಎತ್ತುವ ಹುಡುಗ ಮುಂದೆ ಇರೋದನ್ನೇ ಎತ್ತುತ್ತಾನೆ, ಅವನಿಗೆ ಟೈಮ್ ಮುಖ್ಯ. ಮೊದಲು ಎಕ್ಸ್‌ಪೈರಿ ಆಗೋದನ್ನು ಮೊದಲು ಕಳಿಸು ಅನ್ನೋದು ಗೋಡೌನ್ ಧರ್ಮ, ಅದರಲ್ಲಿ ತಪ್ಪಿಲ್ಲ. ತಪ್ಪಾಗೋದು ಎಲ್ಲಿ ಅಂದ್ರೆ, ಸಿಸ್ಟಮ್‌ನಲ್ಲಿ "ಇಷ್ಟು ದಿನಕ್ಕಿಂತ ಕಡಿಮೆ ಇದ್ದರೆ ಮಾರಬೇಡ" ಅಂತ ಒಂದು ಗಡಿ ಹಾಕಿರ್ತಾರೆ. ಲಾರಿ ಇಳಿಸುವಾಗ ಎಕ್ಸ್‌ಪೈರಿ ತಾರೀಕು ಟೈಪ್ ಮಾಡೋನು 2025ರ ಬದಲು 2026 ಒತ್ತಿಬಿಟ್ಟರೆ, ಆ ಗಡಿ ಕೆಲಸವೇ ಮಾಡಲ್ಲ. ಆರಕ್ಕೆ ಆರೂ ಒಂದೇ ಹಳೇ ಬ್ಯಾಚ್ ಬಂದಿದೆ ಅಂದ್ರೆ ನನಗೆ ಎರಡೇ ಅನುಮಾನ. ಒಂದು ಇದು. ಇನ್ನೊಂದು, ಬೇಕಂತಲೇ ಕಾಂಬೋ ಮಾಡಿ ಸಾಗಹಾಕಿರೋದು. ಒಂದೊಂದೇ ಪ್ಯಾಕೆಟ್ ಬೆಲೆ ನೋಡಿ ಅಕ್ಕ, ಆರರ ಕಾಂಬೋಗೆ ತುಂಬ ರಿಯಾಯಿತಿ ಇತ್ತಾ?

ಮತ್ತೆ ಒಂದು ಮಾತು, ಎಲ್ಲರಿಗೂ ಕೋಪ ಬರಲಿ ಪರವಾಗಿಲ್ಲ. ಅರ್ಧ ಬೆಲೆಗೆ ತಗೊಂಡು ಫುಲ್ ಆಯಸ್ಸು ಕೇಳೋದು ಸರಿಯಲ್ಲ. ಮಾಲು ಎಕ್ಸ್‌ಪೈರಿ ಆದ್ರೆ ಕಂಪನಿ ವಾಪಸ್ ತಗೊಳ್ಳೋಕೆ ನೂರು ಷರತ್ತು, ಕೊನೆಗೆ ಡಿಸ್ಟ್ರಿಬ್ಯೂಟರ್ ತಲೆ ಮೇಲೆ.

ಕಡ್ಲೆಪುರಿ: ಅರ್ಧ ಬೆಲೆ ಅಂತ ಯಾರು ಹೇಳಿದ್ರು ನಿಮಗೆ? ನಿಮ್ಮ ಡಿಸ್ಟ್ರಿಬ್ಯೂಟರ್ ತಲೆನೋವು ನನ್ನ ಅಡುಗೆಮನೆಗೆ ಯಾಕೆ ಬರಬೇಕು? ರಿಯಾಯಿತಿ ಯಾಕೆ ಅಂತ ಪುಟದಲ್ಲಿ ಬರೆದಿದ್ದರೆ ನಾನೂ ಒಪ್ಪುತ್ತಿದ್ದೆ.

ಗೋಡೌನ್ ಗುರು: ಬರೆದರೆ ಯಾರು ತಗೋತಾರೆ ಗುರು.

ದಫ್ತರ: ಅದೇ ಪಾಯಿಂಟ್, ಗೊತ್ತಿಲ್ಲದೆ ನೀವೇ ಹೇಳಿದಿರಿ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳಲ್ಲಿ 6(5) ಅಂತ ಇದೆ. ಆಪ್ ಮೂಲಕ ಮಾರುವ ಮಾರಾಟಗಾರ, ಅನ್ವಯವಾಗುವ ಕಡೆ ಮಾಲಿನ ಎಕ್ಸ್‌ಪೈರಿ ತಾರೀಕನ್ನೂ ಒದಗಿಸಬೇಕು, ಗ್ರಾಹಕ ನೋಡಿ ನಿರ್ಧರಿಸುವ ಹಾಗೆ. ಆಪ್‌ಗಳು ಇದಕ್ಕೆ ಎದುರಾಗಿ ತೂಕ ಅಳತೆಯ ಪ್ಯಾಕೇಜ್ಡ್ ಸಾಮಗ್ರಿ ನಿಯಮ 6(10) ತೋರಿಸುತ್ತವೆ. ಅಲ್ಲಿ ತಯಾರಿಕೆಯ ತಿಂಗಳು, ವರ್ಷವನ್ನು ಆನ್‌ಲೈನ್ ಪುಟದಲ್ಲಿ ಹಾಕುವುದರಿಂದ ವಿನಾಯಿತಿ ಇದೆ. ವಿನಾಯಿತಿ ತಯಾರಿಕೆ ತಾರೀಕಿಗೆ, ಎಕ್ಸ್‌ಪೈರಿಗಲ್ಲ, ಅನ್ನುವುದು ನನ್ನ ಓದು. ಅವರ ವಕೀಲರು ಬೇರೆ ಥರ ಓದುತ್ತಾರೆ. ಇದು ನನಗೂ ಅವರಿಗೂ ಮುಗಿದ ವಾದ ಅಲ್ಲ. ಆದರೆ ಪುಟದಲ್ಲಿ ಎಕ್ಸ್‌ಪೈರಿ ಇರಲಿಲ್ಲ ಅನ್ನುವ ಸ್ಕ್ರೀನ್‌ಶಾಟ್ ನಿಮ್ಮ ಕೈಲಿದ್ದರೆ, ವಾದ "ಹಾಳಾದ ಮಾಲು" ಅಂತಲ್ಲ, "ತಿಳಿಸದೆ ಮಾರಿದ ಮಾಲು" ಅಂತ ನಡೆಯುತ್ತದೆ. ಎರಡನೆಯದು ಗಟ್ಟಿ.

ಬಜ್ಜಿ ಬಾಮಿನಿ: ಅಲ್ಲಾ, ಬೆಸ್ಟ್ ಬಿಫೋರ್ ದಾಟಿದರೂ ತಿನ್ನಬಹುದು ಅಂತ ನನ್ನ ತಂಗಿ ಡಾಕ್ಟರ್ ಹೇಳಿದ್ದಾಳೆ. ರಾಗಿ ಹುರಿಹಿಟ್ಟು ಒಂದು ವರ್ಷ ಇಟ್ಟರೂ ಏನಾಗಲ್ಲ, ನಮ್ಮಜ್ಜಿ ಡಬ್ಬಿಯಲ್ಲಿ ಬೇವಿನೆಲೆ ಹಾಕಿ ಇಡುತ್ತಿದ್ದರು. ಇಷ್ಟಕ್ಕೆಲ್ಲ ಯಾಕೆ ಜಗಳ, ಕುಡಿದು ಮುಗಿಸಿ.

ಹಳೇಬಿಲ್: ಅಮ್ಮಾ, ಅವರು ಕೇಳಿದ್ದು ತಿನ್ನಬಹುದಾ ಅಂತಲ್ಲ. ಅಲ್ಲದೆ ಪ್ಯಾಕೆಟ್ ಮೇಲೆ ಇರೋದು ಯೂಸ್ ಬೈ, ಬೆಸ್ಟ್ ಬಿಫೋರ್ ಅಲ್ಲ. ಬೆಸ್ಟ್ ಬಿಫೋರ್ ಅಂದರೆ ಆ ತಾರೀಕಿನ ನಂತರ ರುಚಿ, ಗುಣ ಕಮ್ಮಿ ಆಗಬಹುದು. ಯೂಸ್ ಬೈ ಅಂದರೆ ಆಮೇಲೆ ಮಾರೋ ಹಾಗೂ ಇಲ್ಲ.

ಬಜ್ಜಿ ಬಾಮಿನಿ: ಮಾರೋ ಹಾಗಿಲ್ಲದಿದ್ದರೆ ಏನು, ಕುಡಿಯೋ ಹಾಗಿಲ್ಲ ಅಂತ ಅರ್ಥವಾ?

ಗೋಡೌನ್ ಗುರು: ಬರೀ ರಾಗಿ ಹುರಿಹಿಟ್ಟು ಬೇರೆ, ರಾಗಿ ಮಾಲ್ಟ್ ಬೇರೆ. ಮಾಲ್ಟ್‌ನಲ್ಲಿ ಬಾದಾಮಿ, ಗೋಡಂಬಿ ಪುಡಿ ಇದ್ದರೆ ಮೊದಲು ಕೆಡೋದು ಅದರ ಎಣ್ಣೆ. ಕಮಟು ವಾಸನೆ ಬರುತ್ತೆ, ಹಾಲಿಗೆ ಹಾಕಿದಾಗ ನಾಲಗೆ ಹಿಂಭಾಗದಲ್ಲಿ ಕಹಿ ಉಳಿಯುತ್ತೆ. ಲೇಬಲ್ ಹಿಂದೆ ಪದಾರ್ಥಗಳ ಸಾಲು ಓದಿ ಅಕ್ಕ. ಒಡೆದಿರೋ ಪ್ಯಾಕೆಟ್ ಮೂಸಿ ನೋಡಿ, ಕಮಟು ಬಂದಿದ್ದರೆ ನಿಮ್ಮ ಕೇಸೇ ಬೇರೆ ಆಗುತ್ತೆ, ತಾರೀಕಿನ ಒಳಗೆ ಕೆಟ್ಟಿದೆ ಅಂದ್ರೆ ತಯಾರಕನ ತಪ್ಪು ಅಥವಾ ಬಿಸಿ ಗೋಡೌನ್ ತಪ್ಪು.

ಧಾರವಾಡ ಪೇಢಾ: ಇಲ್ಲಿ ಎಲ್ಲಾರೂ ಆಪ್‌ನೊಳಗ ಸಿಕ್ಕ ದುಡ್ಡಿಂದ ಮೀಸಿ ತಿರುವಾಕತ್ತೀರಿ. ಕಮಿಷನ್‌ಗೆ ಹೋದವನ ಕಥಿ ಕೇಳ್ರಿ ಸ್ವಲ್ಪ. ಪ್ರೋಟೀನ್ ಪುಡಿ ಡಬ್ಬಿ, ₹2,850. 18 ತಿಂಗಳ ಆಯಸ್ಸು, ಕೈಗೆ ಬಂದಾಗ 40 ದಿನ. ಜಿಲ್ಲಾ ಗ್ರಾಹಕ ಆಯೋಗಕ್ಕ ₹5 ಲಕ್ಷದ ತನಕದ ಖರೀದಿಗೆ ಶುಲ್ಕ ಇಲ್ಲ, ಅದು ಖರೆ. ಆದ್ರ ಪ್ರಮಾಣಪತ್ರಕ್ಕ ನೋಟರಿ ₹200. ಮೂರು ಎದುರುದಾರರು, ಪ್ರತಿಯೊಬ್ಬರಿಗೂ ಒಂದೊಂದು ಸೆಟ್ ಮತ್ತ ಆಯೋಗಕ್ಕ ಸೆಟ್, ಜೆರಾಕ್ಸ್ ₹310. ಸ್ಪೀಡ್ ಪೋಸ್ಟ್ ₹240. ಒಬ್ಬನ ನೋಟಿಸ್ "ವಿಳಾಸದಾಗ ಇಲ್ಲ" ಅಂತ ವಾಪಸ್ ಬಂತು. ಅಂದ್ರ ಮತ್ತ ಪೋಸ್ಟ್. ಯಾಕಂದ್ರ ನಾ ಆಪ್‌ನ ಹೆಸರು ಬರೆದಿದ್ದೆ. ಬಿಲ್ ಮ್ಯಾಲೆ ಮಾರಾಟಗಾರ ಅಂತ ಬ್ಯಾರೆ ಕಂಪನಿ ಹೆಸರು, ಬ್ಯಾರೆ ರಾಜ್ಯದ ವಿಳಾಸ. ಬಿಲ್ಲಿನ್ಯಾಗ ಏನ್ ಅದ ಅದನ್ನೇ ಬರೀರಿ, ಆಪ್‌ನ ಹೆಸರು ಎರಡನೇದಕ್ಕ. ನಾವಿದ್ದ ಊರಾಗನ ಕೇಸ್ ಹಾಕಬಹುದು, 2019ರ ಕಾಯ್ದೆ 34ನೇ ಕಲಂ, ಅದೊಂದು ಸಮಾಧಾನ.

ಈಗ ಐದು ತಾರೀಕು ಆಗ್ಯಾವ. ತಯಾರಕ ಅಂತಾನ "ನಾ ಕೊಟ್ಟಾಗ ತಾಜಾ ಇತ್ತು". ಮಾರಾಟಗಾರ ಅಂತಾನ "ಆಪ್‌ನ ಗೋಡೌನ್‌ನಾಗ ಕುಂತಿತ್ತು". ಆಪ್ ಅಂತದ "ನಾವು ಬರೇ ಮಧ್ಯವರ್ತಿ". ಇನ್ನೂ ತೀರ್ಪಿಲ್ಲ. ಆದ್ರೂ ಹಾಕಿದ್ದು ತಪ್ಪು ಅನಸೂದಿಲ್ಲ ನನಗ.

ಹಳೇಬಿಲ್: ₹2,850ಕ್ಕೆ ಐದು ದಿನ ಕೆಲಸ ಬಿಟ್ಟು ಓಡಾಡೋದು ಬುದ್ಧಿವಂತಿಕೆನಾ ಸಾರ್?

ಧಾರವಾಡ ಪೇಢಾ: ವಿಡಿಯೋ ಕರೆಯಾಗೂ ಹಾಜರಿ ಕೊಡಬಹುದು ರೀ, ಎರಡು ಸಲ ಹಂಗ ಕೊಟ್ಟೀನಿ. ಬುದ್ಧಿವಂತಿಕೆ ಲೆಕ್ಕ ನೀವು ಇಟ್ಕೊಳ್ರಿ.

ದಫ್ತರ: ಪೇಢಾ ಅವರೇ, ಈಗ ಹೊಸ ದೂರು ಹಾಕುವವರಿಗೆ ಇ-ಜಾಗೃತಿ ಪೋರ್ಟಲ್ ಇದೆ, 2025ರ ಜನವರಿಯಿಂದ. ತಿಂಡಿಪೋತಿಯವರು ಅಲ್ಲಿಗೆ ಹೋಗುವ ಮೊದಲು ಎರಡು ಮೆಟ್ಟಿಲು ಬಾಕಿ ಇವೆ, ಬಿಟ್ಟು ಹಾರಬೇಡಿ. ಆಯೋಗದಲ್ಲಿ ಕೇಳುವ ಮೊದಲ ಪ್ರಶ್ನೆ, ಎದುರುದಾರರಿಗೆ ಬರಹದಲ್ಲಿ ತಿಳಿಸಿದ್ದಿರಾ ಅಂತ.

ಮೊದಲನೆಯದು ಚಾಟ್ ಅಲ್ಲ, ಕುಂದುಕೊರತೆ ಅಧಿಕಾರಿಗೆ ಇಮೇಲ್. ಆಪ್‌ನಲ್ಲಿ ಅವರ ಹೆಸರು, ಇಮೇಲ್ ಪ್ರಕಟಿಸಿರಲೇಬೇಕು. ಹೆಚ್ಚಾಗಿ ನಿಯಮಗಳ ಪುಟದ ತಳದಲ್ಲಿ ಅಡಗಿಸಿ ಇಟ್ಟಿರುತ್ತಾರೆ. 48 ಗಂಟೆಯೊಳಗೆ ಸ್ವೀಕೃತಿ, ಒಂದು ತಿಂಗಳೊಳಗೆ ಪರಿಹಾರ, ಅದೇ 2020ರ ನಿಯಮ. ಎರಡನೆಯದು 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಅದಕ್ಕೆ ಆದೇಶ ಹೊರಡಿಸುವ ಅಧಿಕಾರ ಇಲ್ಲ, ಆದರೆ ದೂರು ನೇರ ಕಂಪನಿಯ ಬೇರೆ ಮೇಜಿಗೆ ಹೋಗುತ್ತದೆ. ಅಲ್ಲಿ ಕಂಪನಿಗಳು ಒಂದು ಆಟ ಆಡುತ್ತವೆ. ₹50ರ ಕೂಪನ್ ಹಾಕಿ "ಪರಿಹರಿಸಲಾಗಿದೆ" ಅಂತ ದೂರು ಮುಚ್ಚುತ್ತವೆ. ಕೂಪನ್ ಬಳಸಬೇಡಿ, ಒಪ್ಪಿದ್ದೇನೆ ಅಂತ ಒತ್ತಬೇಡಿ. ಸಮಾಧಾನ ಆಗಿಲ್ಲ ಅಂತ ಉತ್ತರ ಹಾಕಿ.

ಆಹಾರ ಪ್ರಾಧಿಕಾರದ ಫುಡ್ ಸೇಫ್ಟಿ ಕನೆಕ್ಟ್ ಆಪ್‌ನಲ್ಲೂ ದೂರು ಹಾಕಬಹುದು, ಗೋಡೌನ್ ತಪಾಸಣೆಗೆ. ದುಡ್ಡು ವಾಪಸ್ ಕೊಡಿಸುವುದು ಅವರ ಕೆಲಸ ಅಲ್ಲ.

ಈಗ ಮೊತ್ತ. ಎಲ್ಲರೂ ಎಡವೋದು ಇಲ್ಲಿ. "₹1,140 ಪೂರಾ ಕೊಡಿ" ಅಂದರೆ, "17 ದಿನ ಬಳಸಬಹುದಿತ್ತಲ್ಲ, ನಷ್ಟ ಎಲ್ಲಿ" ಅನ್ನುತ್ತಾರೆ. ನಷ್ಟವನ್ನು ಲೋಟದ ಲೆಕ್ಕದಲ್ಲಿ ತೋರಿಸಿ. ಒಂದು ಲೋಟಕ್ಕೆ 30 ಗ್ರಾಂ, ಮನೆಯಲ್ಲಿ ದಿನಕ್ಕೆ ಎರಡು ಲೋಟ ಅಂದುಕೊಳ್ಳಿ. 17 ದಿನಕ್ಕೆ 1,020 ಗ್ರಾಂ, ಎರಡು ಪ್ಯಾಕೆಟ್. ಉಳಿದ ನಾಲ್ಕು ಪ್ಯಾಕೆಟ್ ತಾರೀಕಿನ ಒಳಗೆ ಮುಗಿಯುವುದಿಲ್ಲ, ₹190ರಂತೆ ₹760. ನಿಮ್ಮ ಮನೆಯ ಲೆಕ್ಕ ಬೇರೆ ಇದ್ದರೆ ಅದನ್ನು ಹಾಕಿ. ಇಮೇಲ್ ಹೀಗೆ ಸಾಕು:

"ಆರ್ಡರ್ ನಂಬರ್ ಇಂತಿಂಥದ್ದು, 24-06-2025ರಂದು ತಲುಪಿದ ರಾಗಿ ಮಾಲ್ಟ್ 500 ಗ್ರಾಂ × 6, ಬ್ಯಾಚ್ ಇಂತಿಂಥದ್ದು. ಒಟ್ಟು ಆಯಸ್ಸು 180 ದಿನ, ತಲುಪಿದಾಗ ಉಳಿದದ್ದು 17. ಆಹಾರ ಪ್ರಾಧಿಕಾರ 2024ರಲ್ಲಿ ಸೂಚಿಸಿದ 30 ಪರ್ಸೆಂಟ್ ಅಥವಾ 45 ದಿನ, ಎರಡರಲ್ಲಿ ಯಾವುದೂ ಇಲ್ಲ. ಎಕ್ಸ್‌ಪೈರಿ ತಾರೀಕು ಖರೀದಿಗೆ ಮುಂಚೆ ಪುಟದಲ್ಲಿ ಕಾಣಿಸಿರಲಿಲ್ಲ, ಸ್ಕ್ರೀನ್‌ಶಾಟ್ ಲಗತ್ತಿಸಿದೆ. ಬಳಸಲಾಗದ 4 ಪ್ಯಾಕೆಟ್‌ಗಳ ₹760 ಮೂಲ ಪಾವತಿ ವಿಧಾನಕ್ಕೆ ಮರಳಿಸಿ, ಪ್ಯಾಕೆಟ್‌ಗಳನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ."

ಕೊನೆಯ ಸಾಲು ಮುಖ್ಯ. ಮಾಲು ವಾಪಸ್ ಕೊಡಲು ಸಿದ್ಧ ಅಂದಿದ್ದಕ್ಕೂ ಅವರು ಬೇಡ ಅಂದರೆ, ಅದು ನಿಮ್ಮ ಕಡೆ ಒಂದು ದಾಖಲೆ. ಪ್ಯಾಕೆಟ್‌ಗಳನ್ನು ಎಸೆಯಬೇಡಿ, ದಾನವನ್ನೂ ಮಾಡಬೇಡಿ, ದೂರು ಮುಗಿಯುವವರೆಗೆ ಇರಲಿ.

ಕಡ್ಲೆಪುರಿ: ₹1,140 ಕಟ್ಟಿ ₹760 ಕೇಳೋದಾ? ಇದೇನು ಧರ್ಮಛತ್ರನಾ? ಪೂರಾ ಕೇಳಿ, ಅವರೇ ಕಮ್ಮಿ ಮಾಡ್ಲಿ.

ಗೋಡೌನ್ ಗುರು: ಪೂರಾ ಕೇಳಿ ಒಡೆದ ಪ್ಯಾಕೆಟ್ ಫೋಟೋ ಕಳಿಸಿದ್ರೆ ಮೊದಲು ಅದನ್ನೇ ತೋರಿಸ್ತಾರೆ. ದಫ್ತರ ಅವರ ಲೆಕ್ಕದಲ್ಲಿ ಒಡೆದಿದ್ದು ತಿಂದ ಎರಡರಲ್ಲೇ ಸೇರಿಹೋಗುತ್ತೆ.

ತಿಂಡಿಪೋತಿ: ಎಲ್ಲರಿಗೂ ಥ್ಯಾಂಕ್ಸ್. ಗುರು ಕೇಳಿದ್ದಕ್ಕೆ, ಕಾಂಬೋ ರಿಯಾಯಿತಿ ಶೇ 5 ಮಾತ್ರ, ಅರ್ಧ ಬೆಲೆ ಅಲ್ಲ. ಪದಾರ್ಥಗಳಲ್ಲಿ ಬಾದಾಮಿ ಶೇ 4 ಇದೆ, ಕಮಟು ವಾಸನೆ ಇಲ್ಲ. ಬಿಲ್‌ನಲ್ಲಿ ಮಾರಾಟಗಾರ ಅಂತ ಬೇರೆಯೇ ಹೆಸರು ಇದೆ, ಪೇಢಾ ಅವರು ಹೇಳಿದ್ದು ನೋಡಿ ಈಗ ಗಮನಿಸಿದೆ. ಇಮೇಲ್ ಕಳಿಸಿದೆ. ಎರಡು ಗಂಟೆಯಲ್ಲಿ ₹760 ಆಪ್‌ನ ವಾಲೆಟ್‌ಗೆ ಹಾಕಿದ್ದಾರೆ, 30 ದಿನದಲ್ಲಿ ಬಳಸಬೇಕಂತೆ.

ಕಡ್ಲೆಪುರಿ: ನೋಡಿದ್ರಾ, ವಾಲೆಟ್‌ಗೂ ಎಕ್ಸ್‌ಪೈರಿ.

ದಫ್ತರ: ಅದನ್ನು ಮುಟ್ಟಬೇಡಿ ಮೇಡಂ. ಯುಪಿಐನಲ್ಲಿ ಕಟ್ಟಿದ್ದು, ಯುಪಿಐಗೇ ಬರಬೇಕು ಅಂತ ಅದೇ ಇಮೇಲ್‌ಗೆ ಉತ್ತರ ಹಾಕಿ. ವಾಲೆಟ್‌ನ ಸ್ಕ್ರೀನ್‌ಶಾಟ್ ಜೊತೆಗಿರಲಿ. ₹760 ಕೊಡಬೇಕು ಅಂತ ಅವರೇ ಒಪ್ಪಿದ ದಾಖಲೆ ಅದು.

ಬಜ್ಜಿ ಬಾಮಿನಿ: ಉಳಿದ ನಾಲ್ಕು ಪ್ಯಾಕೆಟ್ ತಗೊಂಡು ಹೋಗಲ್ಲ ಅಂದರೆ ಏನು ಮಾಡುತ್ತೀರಿ ಹಾಗಾದರೆ?